ವೇದಿಕೆಯ ಗಣ್ಯರನ್ನು ಪರಿಚಯಿಸುವ ಕ್ರಮ
(ಶತಮಾನೋತ್ಸವದ ಪೂರ್ವಭಾವಿಯಾಗಿ ನಿರೂಪಕರಿಗೆ ನೀಡಿದ ಉಪನ್ಯಾಸ)



ಕಾಸರಗೋಡಿನ ಕನ್ನಡ ಶಾಲೆಗಳ ವೇದಿಕೆಗೆ ಒಂದು ವಿಶೇಷವುಂಟು. ಇಲ್ಲಿ ಕೇರಳದ ಸಚಿವರೂ ಕರ್ನಾಟಕದ ಸಚಿವರೂ ಒಂದೇ ಸಾಲಿನಲ್ಲಿ ಆಸೀನರಾಗುತ್ತಾರೆ. ಹಿಂದೊಮ್ಮೆ ನಾವು, ಗಡಿ ದಾಟಿ ಬಂದವರೆಂಬ ಅಭಿಮಾನದಿಂದ, ಕರ್ನಾಟಕದ ಸಚಿವರನ್ನು ಮೊದಲು ಪರಿಚಯಿಸಿದೆವು. ಕೇರಳದ ಸಚಿವರು ಏನನ್ನೂ ಆಡಲಿಲ್ಲ. ಆದರೆ ಅಂದು ನಾವು ಮಾಡಿದ್ದು ತಪ್ಪೇ ಆಗಿತ್ತು.

1979ರಲ್ಲಿ ರಾಷ್ಟ್ರಪತಿಗಳ ಕಾರ್ಯಾಲಯವು ಪ್ರಕಟಿಸಿದ ಅಗ್ರತಾ ಪಟ್ಟಿಯಲ್ಲಿ ರಾಜ್ಯದ ಸಂಪುಟ ದರ್ಜೆ ಸಚಿವರಿಗೆ ಸ್ವಂತ ರಾಜ್ಯದೊಳಗೆ 15ನೆಯ ಸ್ಥಾನ, ರಾಜ್ಯದ ಹೊರಗೆ 18ನೆಯ ಸ್ಥಾನ. ಸಂಸತ್ ಸದಸ್ಯರದು 21ನೆಯದು. ಆದ್ದರಿಂದ ಕಾಸರಗೋಡಿನಲ್ಲಿ ಕೇರಳದ ಸಚಿವರು ಮೊದಲು, ಕರ್ನಾಟಕದ ಸಚಿವರು ಅನಂತರ, ಆಮೇಲೆ ಸಂಸದರು. ಇದೇ ಇಬ್ಬರು ಸಚಿವರು ಮಂಗಳೂರಿನಲ್ಲಿ ಕುಳಿತರೆ ಕ್ರಮವು ತಿರುಗುಮುರುಗಾಗುತ್ತದೆ. ವ್ಯಕ್ತಿಯ ಹಿರಿಮೆಯಲ್ಲ, ನೆಲದ ಆತಿಥ್ಯವೇ ಇಲ್ಲಿ ಅಳತೆ.

ಈ ಪಟ್ಟಿ ಸರಕಾರಿ ಸಮಾರಂಭಗಳಿಗಾಗಿ ಇರುವುದು. ಶಾಲೆಯ ಸಭೆಯನ್ನು ಅದು ಕಟ್ಟಿಹಾಕದು. ಸಭೆಗೆ ತನ್ನದೇ ಆದ ಸಂಪ್ರದಾಯವಿದೆ. ಸಂಬೋಧನೆಯಲ್ಲಿ ಸಭಾಧ್ಯಕ್ಷರೇ ಮೊದಲಿಗರು, ಅವರ ಹುದ್ದೆ ಏನೇ ಇರಲಿ. ನಮ್ಮ ಶಾಸಕರು ಅಧ್ಯಕ್ಷತೆ ವಹಿಸಿ, ಕೇರಳದ ಸಚಿವರು ಉದ್ಘಾಟಕರಾಗಿ, ಕರ್ನಾಟಕದ ಸಚಿವರು ಮುಖ್ಯ ಅತಿಥಿಗಳಾಗಿ ಬಂದಿದ್ದಾರೆನ್ನೋಣ. ಜಿಲ್ಲಾ ಪಂಚಾಯತ್ ಅಧ್ಯಕ್ಷರೂ ಎಂಬತ್ತು ದಾಟಿದ ನಿವೃತ್ತ ಗುರುಗಳೂ ಇದ್ದಾರೆ. ಆಗ ಹೀಗೆ ಹೇಳಬೇಕು: “ಸಭಾಧ್ಯಕ್ಷರಾದ ಮಾನ್ಯ ಶಾಸಕರೆ, ಉದ್ಘಾಟಕರಾದ ಕೇರಳ ಸರಕಾರದ ಮಾನ್ಯ ಸಚಿವರೆ, ಮುಖ್ಯ ಅತಿಥಿಗಳಾದ ಕರ್ನಾಟಕ ಸರಕಾರದ ಮಾನ್ಯ ಸಚಿವರೆ, ಜಿಲ್ಲಾ ಪಂಚಾಯತಿನ ಮಾನ್ಯ ಅಧ್ಯಕ್ಷರೆ, ಪೂಜ್ಯ ಗುರುಗಳೆ.” ಗುರುಗಳು ಕೊನೆಯಲ್ಲಿ ಬಂದರೂ ‘ಪೂಜ್ಯ’ ಎಂಬ ಮಾತು ಅವರಿಗಷ್ಟೇ ಮೀಸಲು; ಅದನ್ನು ಎಲ್ಲರಿಗೂ ಹಂಚಿದರೆ ಅವರಿಗೆ ಏನೂ ಉಳಿಯದು.

ಪರಿಚಯಿಸುವಾಗ ಮೊದಲು ಹುದ್ದೆ, ಬಳಿಕ ಹೆಸರು, ಕೊನೆಗೆ ‘ಅವರು’. ‘ಮಾನ್ಯ’ ಎಂದ ಮೇಲೆ ‘ಸನ್ಮಾನ್ಯ’, ‘ಗೌರವಾನ್ವಿತ’ ಎಂದು ಪೇರಿಸಬಾರದು. ‘ಡಾ.’ ಇದ್ದಲ್ಲಿ ‘ಶ್ರೀ’ ಬೇಡ. ಮಹಿಳೆಯಾದರೂ ಸಂಬೋಧನೆಯಲ್ಲಿ ‘ಅಧ್ಯಕ್ಷೆ’ ಎನ್ನದೆ ‘ಅಧ್ಯಕ್ಷರೆ’ ಎಂದೇ ಹೇಳಿರಿ. ಆ ಗೌರವವು ಪದವಿಯದು. ವಿವಾಹಿತೆಯೋ ಅಲ್ಲವೋ ತಿಳಿಯದೆ ‘ಶ್ರೀಮತಿ’ ಎನ್ನಬೇಡಿ.

ಆಮಂತ್ರಣದಲ್ಲಿ ಹೆಸರಿದ್ದವರು ಬಾರದಿರಬಹುದು, ಇಲ್ಲದವರು ಬರಬಹುದು. ಆದ್ದರಿಂದ ಆಮಂತ್ರಣವನ್ನು ನೋಡಿ ಓದಬೇಡಿ. ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆದಿಟ್ಟು, ಗಣ್ಯರು ಕುಳಿತ ಬಳಿಕ ವೇದಿಕೆಯತ್ತ ಒಮ್ಮೆ ಕಣ್ಣು ಹಾಯಿಸಿ, ಬಾರದವರ ಚೀಟಿಯನ್ನು ತೆಗೆದು, ಉಳಿದವನ್ನು ಕ್ರಮವಾಗಿ ಜೋಡಿಸಿಕೊಳ್ಳಿರಿ. ತಡವಾಗಿ ಬಂದವರ ಚೀಟಿಯನ್ನು ಅವರ ಸ್ಥಾನಕ್ಕೇ ಸೇರಿಸಿರಿ, ಕೊನೆಗಲ್ಲ.