ಕಾಂಕ್ರೀಟಿಗೆ 1.5, ಕಂಬಿಗೆ 1.15

ವೈಟ್‌ಫೀಲ್ಡಿನ ಕಚೇರಿ ಕಟ್ಟಡವೊಂದರಲ್ಲಿ ಕಾಲಂಗೆ ಕಾಂಕ್ರೀಟ್ ಬೀಳುತ್ತಿತ್ತು. ತರಬೇತಿಗೆ ಬಂದಿದ್ದ ಹುಡುಗಿ ಹಿರಿಯ ಎಂಜಿನಿಯರನ್ನು ಕೇಳಿದಳು: "ಸರ್, ಕಾಂಕ್ರೀಟಿನ ಬಲವನ್ನು 1.5ರಿಂದ ಭಾಗಿಸ್ತೀವಿ, ಕಂಬಿಯದನ್ನು 1.15ರಿಂದ. ಈ ಭೇದ ಯಾಕೆ? ಕಾಂಕ್ರೀಟಿನ ಬಲ ಏರುಪೇರಾಗುತ್ತೆ ಅಂತಲಾ?"

"ಏರುಪೇರಿನ ಒಂದು ಪಾಲು ಮೊದಲೇ ಲೆಕ್ಕಕ್ಕೆ ಬಂದಿರುತ್ತೆ ಕಣಮ್ಮ. ಎಂ25 ಅಂದ್ರೆ 25 ಸರಾಸರಿ ಅಲ್ಲ. ನೂರರಲ್ಲಿ ಐದಕ್ಕಿಂತ ಹೆಚ್ಚು ಫಲಿತಾಂಶ ಅದರ ಕೆಳಗೆ ಇಳೀಬಾರದು. ಅದಕ್ಕೇ ಮಿಕ್ಸ್ ಡಿಸೈನಿನಲ್ಲಿ 31.6ರ ಗುರಿ ಇಟ್ಕೋತೀವಿ."

"ಹಾಗಾದ್ರೆ 1.5 ಯಾವುದಕ್ಕೆ?"

ಅವರು 150 ಮಿಲಿಮೀಟರಿನ ಕ್ಯೂಬ್ ಮೋಲ್ಡುಗಳತ್ತ ಕೈ ತೋರಿಸಿದರು. ಕ್ಯೂಬನ್ನು ಚೆನ್ನಾಗಿ ಕುಟ್ಟಿ ತುಂಬುತ್ತಾರೆ, 28 ದಿನ ನೀರಿನ ತೊಟ್ಟಿಯಲ್ಲಿ ಇಡುತ್ತಾರೆ. ಅದೇ ಲಾರಿಯ ಕಾಂಕ್ರೀಟ್ ಕಾಲಂನಲ್ಲಿ ದಟ್ಟ ಕಂಬಿಗಳ ನಡುವೆ ಇಳಿಯಬೇಕು. ವೈಬ್ರೇಟರ್ ಸರಿಯಾಗಿ ತಲುಪದ ಕಡೆ ಪೊಳ್ಳು ಉಳಿಯುತ್ತದೆ. ಕ್ಯೂರಿಂಗ್ ಎಂದರೆ ಸುತ್ತಿದ ಗೋಣಿತಾಟಿಗೆ ನೀರು ಬಿದ್ದಷ್ಟೇ. ಕ್ಯೂಬಿಗೂ ಕಾಲಂಗೂ ನಡುವಿನ ಈ ಅಂತರಕ್ಕೇ ಮುಖ್ಯವಾಗಿ 1.5. ಕಂಬಿ ಕಾರ್ಖಾನೆಯಲ್ಲಿ ತಯಾರಾಗಿ, ಅಲ್ಲೇ ಪರೀಕ್ಷೆಯಾಗಿ ಬರುತ್ತದೆ. ನಾವು ಅದನ್ನು ಕತ್ತರಿಸಿ, ಬಗ್ಗಿಸಿ, ಕಟ್ಟುತ್ತೇವೆ ಅಷ್ಟೇ. ಅದರ ಬಲ ಸೈಟಿನಲ್ಲಿ ಹುಟ್ಟುವುದಿಲ್ಲ.

ಲೆಕ್ಕ ಹೀಗೆ. ಕ್ಯೂಬಿನ 25ಕ್ಕೆ ಕಟ್ಟಡದಲ್ಲಿ ಮೊದಲು 0.67 ಪಾಲು, ಆಮೇಲೆ 1.5ರಿಂದ ಭಾಗಾಕಾರ. ಉಳಿಯುವುದು ಚದರ ಮಿಲಿಮೀಟರಿಗೆ ಸುಮಾರು 11 ನ್ಯೂಟನ್. ಫೆ500 ಕಂಬಿಯಲ್ಲಿ 435 ಉಳಿಯುತ್ತದೆ.

ಭೇದ ಹೊಸದೇನಲ್ಲ. ಹಳೆಯ ವರ್ಕಿಂಗ್ ಸ್ಟ್ರೆಸ್ ಪದ್ಧತಿಯಲ್ಲಿ ಬಾಗುವ ತೊಲೆಯ ಎಂ20 ಕಾಂಕ್ರೀಟಿಗೆ 7 ನ್ಯೂಟನ್ ಮಾತ್ರ ಅನುಮತಿ, ಅಂದರೆ ಸುಮಾರು ಮೂರರಲ್ಲಿ ಒಂದು ಪಾಲು. ಫೆ415 ಕಂಬಿಗೆ 230, ಅರ್ಧಕ್ಕಿಂತ ಹೆಚ್ಚು. ಆದರೆ ಹೊರೆಯ ಅನುಮಾನ, ವಸ್ತುವಿನ ಅನುಮಾನ ಎರಡೂ ಆ ಒಂದೇ ಅಂಕಿಯೊಳಗೆ ಬೆರೆತಿದ್ದವು. ಅವನ್ನು ಬಿಡಿಸಿ ಇಡುವ ಕೆಲಸ ಯುರೋಪಿನ ಕಾಂಕ್ರೀಟ್ ಸಮಿತಿಯದು. ಬ್ರಿಟನ್ 1972ರ ಸಂಹಿತೆಯಲ್ಲಿ ಅದನ್ನು ಒಪ್ಪಿತು. ನಮ್ಮ ಐಎಸ್ 456ಕ್ಕೆ ಅದು ಬಂದದ್ದು 1978ರಲ್ಲಿ.

"ಕಾಂಕ್ರೀಟಿಗೆ ಹೆಚ್ಚು ಭಾಗಿಸೋದ್ರಲ್ಲಿ ಇನ್ನೊಂದು ಲಾಭವಿದೆ," ಎಂದರು ಹಿರಿಯರು. "ತೊಲೆ ಸೋಲೋದಾದ್ರೆ ಕಂಬಿ ಮೊದಲು ಎಳೆದುಕೊಳ್ಳಬೇಕು. ಆಗ ಬಿರುಕು ಕಾಣುತ್ತೆ, ಜನ ಹೊರಗೆ ಓಡ್ತಾರೆ. ಕಾಂಕ್ರೀಟ್ ಮೊದಲು ಪುಡಿಯಾದ್ರೆ ಸುಳಿವೇ ಸಿಗಲ್ಲ."

ಅಷ್ಟರಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿ ಬಂದ ಮಿಕ್ಸರ್ ಲಾರಿಗೆ ಯಾರೋ ಪೈಪ್ ಹಿಡಿಯಲು ಹೊರಟರು. ಹುಡುಗಿಯೇ ಹೋಗಿ ತಡೆದಳು. ಮನೆ ಕಟ್ಟಿಸುತ್ತಿರುವ ಕೇಳುಗರೂ ಇಷ್ಟು ಮಾಡಿ: ಸೈಟಿಗೆ ಬಂದ ಕಾಂಕ್ರೀಟಿಗೆ ನೀರು ಬೆರೆಸಲು ಬಿಡಬೇಡಿ. ಹಾಗೆ ಬೆರೆಸುವ ನೀರಿಗೆ 1.5ರಲ್ಲಿ ಜಾಗ ಇಟ್ಟಿಲ್ಲ.