ಬಾಡಿಗೆ ಮನೆಯೋ, ಸ್ವಂತ ಮನೆಯೋ?

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂಥ ಊರಿನಲ್ಲಿ ಹುಟ್ಟಿ ಬೆಳೆದ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೆಲಸ ಹಿಡಿದು, ಮದುವೆಯಾಗಿ ಸಂಸಾರ ಹೂಡಿದನೆನ್ನಿ. ಊರಿನ ಹಿರಿಯರ ಮೊದಲ ಮಾತು ಒಂದೇ: "ಬಾಡಿಗೆ ಕೊಡುವುದೆಂದರೆ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ ಕಣಪ್ಪ. ಸಾಲವಾದರೂ ಸರಿ, ಒಂದು ಮನೆ ಮಾಡಿಕೋ." ಈ ಮಾತನ್ನು ಲೆಕ್ಕದ ಒರೆಗೆ ಹಚ್ಚಿ ನೋಡೋಣ.

ಮನೆಯ ಬೆಲೆ 60 ಲಕ್ಷ, ಅಂಥದೇ ಮನೆಯ ಬಾಡಿಗೆ ತಿಂಗಳಿಗೆ 18 ಸಾವಿರ ಎಂದಿಟ್ಟುಕೊಳ್ಳೋಣ. ಕೈಯಿಂದ 15 ಲಕ್ಷ ಹಾಕಿ, ಉಳಿದ 45 ಲಕ್ಷವನ್ನು ಶೇಕಡಾ ಎಂಟೂವರೆ ಬಡ್ಡಿಗೆ 20 ವರ್ಷದ ಅವಧಿಗೆ ಸಾಲ ತಂದರೆ, ತಿಂಗಳ ಕಂತು ಸುಮಾರು 39 ಸಾವಿರ. ಮೊದಲ ವರ್ಷ ಕಟ್ಟುವ 4 ಲಕ್ಷ 68 ಸಾವಿರದಲ್ಲಿ ಅಸಲಿಗೆ ಸಲ್ಲುವುದು 90 ಸಾವಿರ ಮಾತ್ರ. ಮಿಕ್ಕ 3 ಲಕ್ಷ 78 ಸಾವಿರವೂ ಬಡ್ಡಿಯೇ. ಬಾಡಿಗೆಯ ಹಣದಂತೆ ಇದೂ ಹೊಳೆಯ ಪಾಲೇ ಅಲ್ಲವೆ? ಇದಕ್ಕೆ ಕೈಯ 15 ಲಕ್ಷಕ್ಕೆ ಬ್ಯಾಂಕಿನಲ್ಲಿ ಬರಬಹುದಾಗಿದ್ದ ಒಂದು ಲಕ್ಷದಷ್ಟು ಬಡ್ಡಿಯನ್ನೂ, ಕಂದಾಯ ರಿಪೇರಿಗಳ 40 ಸಾವಿರವನ್ನೂ ಕೂಡಿಸಿದರೆ ಒಟ್ಟು 5 ಲಕ್ಷ 18 ಸಾವಿರ. ಬಾಡಿಗೆಯಾದರೋ ವರ್ಷಕ್ಕೆ 2 ಲಕ್ಷ 16 ಸಾವಿರ. ಅಂತರ 3 ಲಕ್ಷ. ಎಂದರೆ, ಮನೆಯ ಬೆಲೆ ವರ್ಷಕ್ಕೆ ಶೇಕಡಾ ಐದರಂತೆ ಏರಿದರೆ ಮಾತ್ರ ಕೊಂಡವನು ಬಾಡಿಗೆಯವನಿಗೆ ಸಮನಾಗುತ್ತಾನೆ.

ಇನ್ನು ರಿಜಿಸ್ಟ್ರಿಯ ಖರ್ಚು. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್ಸುಗಳು ಸೇರಿ ಈ ಮನೆಗೆ ಸುಮಾರು ನಾಲ್ಕೂವರೆ ಲಕ್ಷ ಬೇಕು. ಮನೆ ಮಾರಿದಾಗ ಇದು ಹಿಂದಿರುಗುವುದಿಲ್ಲ. ಮೂರೇ ವರ್ಷದಲ್ಲಿ ವರ್ಗವಾಗಿ ಮಾರಬೇಕಾಗಿ ಬಂದರೆ ವರ್ಷಕ್ಕೆ ಒಂದೂವರೆ ಲಕ್ಷದ ಹೊರೆ. ಹತ್ತು ವರ್ಷ ನಿಂತರೆ ವರ್ಷಕ್ಕೆ ಕೇವಲ 45 ಸಾವಿರ. ಅಷ್ಟರಲ್ಲಿ ವರ್ಷಕ್ಕೆ ಶೇಕಡಾ 5ರಂತೆ ಬಾಡಿಗೆ ಏರಿದರೆ ಹತ್ತನೆಯ ವರ್ಷ ಅದು ತಿಂಗಳಿಗೆ 28 ಸಾವಿರ ಮುಟ್ಟುತ್ತದೆ. ಕಂತಿನಲ್ಲಿಯ ಬಡ್ಡಿ ಮಾತ್ರ ವರ್ಷಕ್ಕೆ ಎರಡೂ ಮುಕ್ಕಾಲು ಲಕ್ಷಕ್ಕೆ ಇಳಿಯುತ್ತದೆ. ಆದುದರಿಂದ ಮೊದಲು ಕೇಳಿಕೊಳ್ಳಬೇಕಾದುದು ಮನೆಯ ಬೆಲೆಯನ್ನಲ್ಲ, ಆ ಬಡಾವಣೆಯಲ್ಲಿ ನಾವು ಎಷ್ಟು ವರ್ಷ ಇರುತ್ತೇವೆಂಬುದನ್ನು.

ಬಾಡಿಗೆಯ ಪಕ್ಷಕ್ಕೂ ಒಂದು ಷರತ್ತುಂಟು. ಕಂತಿಗೂ ಬಾಡಿಗೆಗೂ ಇರುವ ವ್ಯತ್ಯಾಸ ತಿಂಗಳಿಗೆ 21 ಸಾವಿರ. ಅದನ್ನು ಸಂಬಳ ಬಂದ ದಿನವೇ ಉಳಿತಾಯಕ್ಕೆ ಕಟ್ಟಿದರೆ ಮಾತ್ರ ಮೇಲಿನ ಲೆಕ್ಕ ನಿಲ್ಲುತ್ತದೆ. ಅದು ಖರ್ಚಾಗಿಹೋಗುವ ಸಂಸಾರದಲ್ಲಿ ಹಿರಿಯರ ಮಾತೇ ಗೆಲ್ಲುತ್ತದೆ. ಏಕೆಂದರೆ ಸಾಲದ ಕಂತು ಬಲವಂತದ ಉಳಿತಾಯವೂ ಹೌದು.

ಹೀಗೆ ಮಾಡಿ ನೋಡಬಹುದು. ಒಂದು ವರ್ಷ ಬಾಡಿಗೆ ಮನೆಯಲ್ಲೇ ಇದ್ದು, ಆ 21 ಸಾವಿರವನ್ನು ಪ್ರತಿ ತಿಂಗಳೂ ಬೇರೆ ಖಾತೆಗೆ ಹಾಕುತ್ತ ಬನ್ನಿ. ತಪ್ಪದೆ ಕಟ್ಟಿದರೆ ಕಂತನ್ನು ಹೊರುವ ಶಕ್ತಿ ಇದೆಯೆಂದು ತಿಳಿಯಿತು, ಕೈಯಲ್ಲಿ ಎರಡೂವರೆ ಲಕ್ಷವೂ ಕೂಡಿತು. ನಡುವೆ ಮೂರು ನಾಲ್ಕು ತಿಂಗಳು ತಪ್ಪಿದರೆ, ಸಾಲದ ಪತ್ರಕ್ಕೆ ರುಜು ಹಾಕುವ ಕಾಲ ಇನ್ನೂ ಬಂದಿಲ್ಲವೆಂದು ತಿಳಿಯಬಹುದು.