ನಾಲ್ಕಾಗಿ ಮಡಿಸಿದ ಚೀಟಿ

ಪಕ್ಕದ ಮನೆಯ ಎಲ್‌ಕೆಜಿ ಹುಡುಗ ನಿನ್ನೆ ಶಾಲೆಯಿಂದ ಬೇರೆ ಚಡ್ಡಿ ತೊಟ್ಟು ಬಂದ. ಬ್ಯಾಗಿನ ತಳದಲ್ಲಿ ಗಂಟು ಕಟ್ಟಿದ ಕವರು. ಡೈರಿಯೊಳಗೆ ನಾಲ್ಕಾಗಿ ಮಡಿಸಿದ ಚೀಟಿ.

ಟೀಚರ್ ಬರೆದಿದ್ದರು: "ಊಟಕ್ಕೆ ಮುಂಚೆ ಚಡ್ಡಿಯಲ್ಲೇ ಒಂದಕ್ಕೆ ಆಯಿತು. ಹುಕ್ಕು ಬಿಗಿ, ಬಿಚ್ಚಲಾಗಲಿಲ್ಲ. ತೊಳೆದು, ಶಾಲೆಯ ಚಡ್ಡಿ ಹಾಕಿದ್ದೇವೆ. ಬೇರೆ ಮಕ್ಕಳಿಗೆ ಗೊತ್ತಾಗಿಲ್ಲ. ದಯವಿಟ್ಟು ಬೈಯಬೇಡಿ. ನಾಳೆ ಒಂದು ಜೊತೆ ಬಟ್ಟೆ ಕಳಿಸಿ."

ಗೇಟಿನಲ್ಲಿ ಹೇಳಿದ್ದರೆ ಹತ್ತು ಜನ ಕೇಳುತ್ತಿದ್ದರು. ಡೈರಿಯ ಪುಟದಲ್ಲೇ ಬರೆದಿದ್ದರೆ ವರ್ಷವಿಡೀ ಉಳಿಯುತ್ತಿತ್ತು. ಚೀಟಿಯನ್ನು ಅಮ್ಮ ಓದಿ, ಹರಿದರು. ಮಗನನ್ನು ಏನೂ ಕೇಳಲಿಲ್ಲ.

ಇವತ್ತು ಬ್ಯಾಗಿನಲ್ಲಿ ಒಗೆದು ಮಡಿಸಿದ ಶಾಲೆಯ ಚಡ್ಡಿ ಇದೆ. ಜೊತೆಗೆ ಎಲಾಸ್ಟಿಕ್ಕಿನ ಚಡ್ಡಿಯೊಂದಿದೆ. ಮಗುವಿನ ಮಾನವನ್ನೂ ಹೀಗೇ ಮಡಿಸಿ, ಜೋಪಾನವಾಗಿ ಇಡಬೇಕು.